ಎರಡು ಕ್ಯಾಮೆರಾ, ಎರಡು ಟೈಮ್: ಯಾವುದನ್ನ ನಂಬೋದು?

ಪ್ರಶ್ನೆ: ಕಲಬುರಗಿ ಗಂಜ್‌ನಲ್ಲಿ ನಮ್ಮದು ಅಡತ್ ಅಂಗಡಿ. 12 ದಿನದ ಹಿಂದೆ ಸಂಜೆ ಯಾರೋ ಎರಡು ಚೀಲ ತೊಗರಿಯನ್ನು ಆಟೋಕ್ಕೆ ಹಾಕಿಕೊಂಡು ಹೋದರು. ನಮ್ಮ ಕ್ಯಾಮೆರಾದಲ್ಲಿ ಆಟೋ ಹೊರಟಿದ್ದು 7:42ಕ್ಕೆ. ಓಣಿ ತಿರುವಿನ ಅಂಗಡಿಯವರ ಕ್ಯಾಮೆರಾದಲ್ಲಿ ಅದೇ ಆಟೋ 7:38ಕ್ಕೇ ದಾಟಿದೆ. ಹೊರಡೋಕೆ ಮೊದಲೇ ತಿರುವು ದಾಟಿತಾ? ಯಾವ ಟೈಮ್ ಸರಿ?

ಉತ್ತರ: ಬಹುಶಃ ಎರಡೂ ಸರಿ ಇಲ್ಲ. ಆದರೆ ಸರಿಯಾದ ಟೈಮ್ ಲೆಕ್ಕ ಹಾಕಿ ತೆಗೆಯಬಹುದು. ಅದಕ್ಕೂ ಮೊದಲು ಒಂದು ಮಾತು: ಗಡಿಯಾರ ತಪ್ಪಿದೆ ಅಂತ ಈಗಲೇ ಡಿವಿಆರ್, ಅಂದರೆ ಕ್ಯಾಮೆರಾದ ರೆಕಾರ್ಡರ್, ಟೈಮ್ ಸರಿ ಮಾಡೋಕೆ ಹೋಗಬೇಡಿ. ಎಷ್ಟು ತಪ್ಪಿತ್ತು ಅನ್ನೋದೇ ನಿಮಗೆ ಬೇಕಾದ ಮಾಹಿತಿ. ಸರಿ ಮಾಡಿದರೆ ಅದು ಕೈತಪ್ಪಿ ಹೋಗುತ್ತದೆ. ಮೊದಲು ಆ ಸಂಜೆಯ ರೆಕಾರ್ಡಿಂಗನ್ನು ಎರಡೂ ಕಡೆಯಿಂದ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಕೂರುತ್ತದೆ, ಕಾಯೋದಿಲ್ಲ.

ಈಗ ಅಳತೆ. ಫೋನಿನ ಟೈಮ್ ಆಟೋಮ್ಯಾಟಿಕ್ ಇರಲಿ. ಸೆಕೆಂಡು ಕಾಣುವ ಗಡಿಯಾರ ತೆರೆದು ಕ್ಯಾಮೆರಾದ ಮುಂದೆ ಅರ್ಧ ನಿಮಿಷ ಹಿಡಿಯಿರಿ. ಆಮೇಲೆ ಆ ರೆಕಾರ್ಡಿಂಗನ್ನೇ ಹಾಕಿ ನೋಡಿ. ಒಂದೇ ಚಿತ್ರದಲ್ಲಿ ಫೋನಿನ ಟೈಮ್, ಮೂಲೆಯಲ್ಲಿ ಕ್ಯಾಮೆರಾ ಟೈಮ್ ಎರಡೂ ಸಿಗುತ್ತವೆ. ಲೈವ್ ನೋಡಿ ಹೋಲಿಸಬೇಡಿ, ಲೈವ್ ಚಿತ್ರ ಒಂದೆರಡು ಸೆಕೆಂಡು ತಡವಾಗಿ ಬರಬಹುದು.

ನಿಮ್ಮ ಕ್ಯಾಮೆರಾ 5 ನಿಮಿಷ 40 ಸೆಕೆಂಡು ಮುಂದಿದೆ, ತಿರುವಿನದು 1 ನಿಮಿಷ 15 ಸೆಕೆಂಡು ಹಿಂದಿದೆ ಅಂದುಕೊಳ್ಳಿ. ಇಷ್ಟಕ್ಕೇ ಕಳೆದು ಕೂಡಿಸಿ ಮುಗಿಸಿಬಿಡುವವರೇ ಜಾಸ್ತಿ. ಆದರೆ ಇದು ಇವತ್ತಿನ ವ್ಯತ್ಯಾಸ. ಗಡಿಯಾರ ದಿನಾ ಸ್ವಲ್ಪ ಓಡುತ್ತದೆ ಇಲ್ಲವೇ ಹಿಂದೆ ಬೀಳುತ್ತದೆ. ಆದ್ದರಿಂದ ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಅಳೆಯಿರಿ. ನಿಮ್ಮದು ಈಗ 5 ನಿಮಿಷ 52 ಸೆಕೆಂಡು ಮುಂದಿದ್ದರೆ ನಾಲ್ಕು ದಿನಕ್ಕೆ 12 ಸೆಕೆಂಡು, ಅಂದರೆ ದಿನಕ್ಕೆ 3 ಸೆಕೆಂಡು ಓಡುತ್ತಿದೆ. ಮೊದಲ ಅಳತೆಗೆ 12 ದಿನ ಮೊದಲು ವ್ಯತ್ಯಾಸ 36 ಸೆಕೆಂಡು ಕಡಿಮೆ ಇತ್ತು: 5 ನಿಮಿಷ 4 ಸೆಕೆಂಡು. ತಿರುವಿನ ಕ್ಯಾಮೆರಾದ ವ್ಯತ್ಯಾಸ ಎರಡೂ ಸಲ ಅಷ್ಟೇ ಬಂದರೆ ಅದನ್ನೇ ಇಟ್ಟುಕೊಳ್ಳಿ.

ನಿಮ್ಮದರಲ್ಲಿ ಆಟೋ ಹೊರಟಿದ್ದು 7:42:30. ಅದರಲ್ಲಿ 5:04 ಕಳೆದರೆ 7:37:26. ತಿರುವಿನಲ್ಲಿ ಕಂಡಿದ್ದು 7:38:10. ಅದಕ್ಕೆ 1:15 ಸೇರಿಸಿದರೆ 7:39:25. ಆಟೋ ಹೊರಟು ಎರಡು ನಿಮಿಷಕ್ಕೆ ತಿರುವು ದಾಟಿದೆ. ಸಂಜೆಯ ಗಂಜ್ ರಷ್‌ನಲ್ಲಿ ಅಷ್ಟು ಹಿಡಿಯುತ್ತದೆ, ಅಲ್ವಾ?

ಆದರೂ ಈ ಲೆಕ್ಕ ನಿಂತಿರೋದು ಗಡಿಯಾರ ಒಂದೇ ಸಮ ಓಡಿದೆ ಅನ್ನೋ ನಂಬಿಕೆಯ ಮೇಲೆ. ನಡುವೆ ಯಾರಾದರೂ ಟೈಮ್ ಬದಲಿಸಿದ್ದರೆ ಎಲ್ಲಾ ಕೆಡುತ್ತದೆ. ಅದಕ್ಕೇ ಅದೇ ಸಂಜೆ ಎರಡೂ ಕ್ಯಾಮೆರಾದಲ್ಲಿ ಬಿದ್ದ ಒಂದು ಘಟನೆ ಹುಡುಕಿ. ನಮ್ಮೂರಲ್ಲಿ ಅದಕ್ಕೆ ಕರೆಂಟ್ ಹೋಗೋದೇ ಒಳ್ಳೆಯದು! ಎರಡೂ ಕ್ಯಾಮೆರಾ ಯುಪಿಎಸ್ ಮೇಲಿದ್ದು, ಬೀದಿ ದೀಪ ಒಂದೇ ಲೈನಿನದಾಗಿದ್ದರೆ ಎರಡರಲ್ಲೂ ಒಂದೇ ಕ್ಷಣಕ್ಕೆ ಕತ್ತಲಾಗುತ್ತದೆ. ನಿಮ್ಮದರಲ್ಲಿ ಅದು 8:20:14, ಅಲ್ಲಿ 8:13:56 ಅಂತಿಟ್ಟುಕೊಳ್ಳಿ. ಮೇಲಿನ ಲೆಕ್ಕ ಹಾಕಿದರೆ 8:15:10 ಮತ್ತು 8:15:11. ಒಂದು ಸೆಕೆಂಡಿನ ವ್ಯತ್ಯಾಸ, ಲೆಕ್ಕ ಗಟ್ಟಿ. ಇಲ್ಲೊಂದು ಎಚ್ಚರ: ಚಿತ್ರ ಕತ್ತಲಾದ ಕ್ಷಣ ಹಿಡಿಯಿರಿ, ಕಪ್ಪು-ಬಿಳುಪಿಗೆ ತಿರುಗಿದ ಕ್ಷಣ ಅಲ್ಲ. ಆ ಬದಲಾವಣೆಗೆ ಕ್ಯಾಮೆರಾ ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ, ಪ್ರತಿ ಕ್ಯಾಮೆರಾಗೂ ಬೇರೆ ಬೇರೆ. ಅಳತೆಗೂ ಈ ಘಟನೆಗೂ ತಾಳೆ ಆಗದಿದ್ದರೆ ಆ ಸಂಜೆಯ ಘಟನೆಯನ್ನೇ ನಂಬಿ. ಆದರೆ ಅದು ಎರಡು ಕ್ಯಾಮೆರಾದ ನಡುವಿನ ಅಂತರ ಮಾತ್ರ ಹೇಳುತ್ತದೆ, ನಿಜವಾದ ಟೈಮ್ ಹೇಳೋದಿಲ್ಲ.

ವ್ಯತ್ಯಾಸ ಸರಿಯಾಗಿ ಎರಡೂವರೆ ಗಂಟೆಯೋ ಐದೂವರೆ ಗಂಟೆಯೋ ಬಂದರೆ ಗಡಿಯಾರ ಓಡಿದ್ದಲ್ಲ, ಟೈಮ್‌ಝೋನ್ ತಪ್ಪಿದೆ. ಮೊದಲನೆಯದು ಚೀನಾದ ಟೈಮ್ ಹಾಗೇ ಉಳಿದಿದ್ದು. ಕರೆಂಟ್ ಹೋಗಿ ಬಂದ ಮೇಲೆ ತಾರೀಖೇ 2000ನೇ ಇಸವಿಗೋ 1970ಕ್ಕೋ ಹಾರಿದರೆ ಒಳಗಿನ ಪುಟ್ಟ ಬ್ಯಾಟರಿ ಸತ್ತಿದೆ.

ಪೊಲೀಸರಿಗೆ ಕೊಡುವಾಗ ಮೂಲ ಫೈಲ್ ಮುಟ್ಟಬೇಡಿ, ಟೈಮ್ ತಿದ್ದಿದ ವಿಡಿಯೋ ಮಾಡಬೇಡಿ. ಎರಡೂ ಅಳತೆ, ತಾರೀಖು, ಅಳೆದವರ ಹೆಸರು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ಇದೆಲ್ಲಾ ಆದಮೇಲೆ ಟೈಮ್ ಸರಿ ಮಾಡಿ. ಸೆಟಿಂಗ್ಸ್‌ನಲ್ಲಿ `GMT+05:30` ಇಟ್ಟು ಬೇಸಿಗೆ ಟೈಮಿನ `DST` ತೆಗೆಯಿರಿ, ಇಂಟರ್ನೆಟ್‌ನಿಂದ ಟೈಮ್ ಹೊಂದಿಸುವ `NTP` ಆನ್ ಮಾಡಿ ಸರ್ವರ್ ಜಾಗದಲ್ಲಿ `time.nplindia.org` ಹಾಕಿ. ಐಪಿ ಕ್ಯಾಮೆರಾ ಇದ್ದರೆ ಚಿತ್ರದ ಮೇಲಿನ ಟೈಮನ್ನು ಸಾಮಾನ್ಯವಾಗಿ ಕ್ಯಾಮೆರಾವೇ ಬರೆಯುತ್ತದೆ, ರೆಕಾರ್ಡರ್ ಅಲ್ಲ. ಹಾಗಾಗಿ ಪ್ರತಿ ಕ್ಯಾಮೆರಾದ ಒಳಗೂ ಹೋಗಿ ನೋಡಬೇಕು.