86 ಎಂಬಿ ಫೋಲ್ಡರಿಗೆ 5 ಜಿಬಿ ಜಾಗವೂ ಸಾಲದಾದಾಗ

ಆಡುಮಾತಿನ ಪದಗಳ ಕೋಶವೊಂದಕ್ಕಾಗಿ ನಾನು ಮತ್ತು ಗೆಳೆಯರು ಸೇರಿಸಿಟ್ಟಿದ್ದ ಪದಗಳೆಲ್ಲ ಒಂದೇ ಫೋಲ್ಡರಿನಲ್ಲಿದ್ದವು. ಪದಕ್ಕೊಂದರಂತೆ 60,000 ಪಠ್ಯ ಕಡತಗಳು. ಅತಿ ಚಿಕ್ಕದು ಸುಮಾರು ಒಂದು ಕೆಬಿ, ಅತಿ ದೊಡ್ಡದು ಮೂರು ಕೆಬಿ, ಸರಾಸರಿ 1,500 ಬೈಟ್. ಲ್ಯಾಪ್‌ಟಾಪಿನಲ್ಲಿ ಇಡೀ ಫೋಲ್ಡರಿನ ಗಾತ್ರ 86 ಎಂಬಿ ಎಂದು ಕಾಣುತ್ತಿತ್ತು. ಅದನ್ನು ಗೆಳೆಯರೊಬ್ಬರಿಗೆ ಕೊಡಲು 64 ಜಿಬಿಯ ಪೆನ್‌ಡ್ರೈವ್ ಹಚ್ಚಿದೆ. ಅದರಲ್ಲಿ ಹಳೆಯ ವಿಡಿಯೊಗಳು ತುಂಬಿದ್ದರೂ 5 ಜಿಬಿ ಖಾಲಿ ಇತ್ತು. ನಕಲು ಶುರುವಾಯಿತು, ಬಹಳ ಹೊತ್ತು ನಡೆಯಿತು, ಇನ್ನೂ ಮೂರನೇ ಒಂದು ಭಾಗ ಉಳಿದಿರುವಾಗ ಡ್ರೈವಿನಲ್ಲಿ ಜಾಗವಿಲ್ಲ ಎಂಬ ಸಂದೇಶ ಬಂದು ನಿಂತುಹೋಯಿತು. ಪೆನ್‌ಡ್ರೈವ್ ಕೆಟ್ಟಿದೆಯೆಂದೇ ಮೊದಲು ಭಾವಿಸಿದೆ. ಅದು ಕೆಟ್ಟಿರಲಿಲ್ಲ, ಲೆಕ್ಕವೂ ತಪ್ಪಿರಲಿಲ್ಲ.

ನಕಲಾಗಿದ್ದಷ್ಟು ಕಡತಗಳನ್ನು ಆಯ್ದು, ಬಲಗುಂಡಿ ಒತ್ತಿ Properties ತೆರೆದಾಗ ಉತ್ತರ ಅಲ್ಲೇ ಇತ್ತು. `Size` ಎಂಬ ಸಾಲು 60 ಎಂಬಿಯನ್ನೂ ಮುಟ್ಟಿರಲಿಲ್ಲ. ಅದರ ಕೆಳಗಿನ `Size on disk` ಎಂಬ ಸಾಲು ಹೆಚ್ಚುಕಡಿಮೆ 5 ಜಿಬಿ ತೋರಿಸುತ್ತಿತ್ತು. ಮೊದಲನೆಯದು ಕಡತಗಳೊಳಗೆ ನಿಜವಾಗಿ ಇರುವ ಬೈಟುಗಳ ಮೊತ್ತ. ಎರಡನೆಯದು ಆ ಬೈಟುಗಳಿಗಾಗಿ ಡ್ರೈವ್ ಬಿಟ್ಟುಕೊಟ್ಟ ಜಾಗ. ನಮ್ಮ ಗಮನ ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ ನಿಲ್ಲುತ್ತದೆ, ಆದರೆ ಡ್ರೈವ್ ತುಂಬುವುದು ಎರಡನೆಯದರ ಲೆಕ್ಕದಲ್ಲಿ.

ಡ್ರೈವಿನ ಜಾಗವನ್ನು ಕಡತ ವ್ಯವಸ್ಥೆ ಬೈಟುಗಳ ಲೆಕ್ಕದಲ್ಲಿ ಹಂಚುವುದಿಲ್ಲ. ಫಾರ್ಮ್ಯಾಟ್ ಮಾಡುವಾಗಲೇ ಇಡೀ ಡ್ರೈವನ್ನು ಒಂದೇ ಅಳತೆಯ ಗೂಡುಗಳಾಗಿ ವಿಂಗಡಿಸಿಕೊಳ್ಳುತ್ತದೆ; ಈ ಗೂಡಿಗೆ ಕ್ಲಸ್ಟರ್ ಎಂದು ಹೆಸರು. ಒಂದು ಗೂಡಿನಲ್ಲಿ ಎರಡು ಕಡತಗಳಿಗೆ ಪ್ರವೇಶವಿಲ್ಲ. 64 ಜಿಬಿಯ ಪೆನ್‌ಡ್ರೈವನ್ನು ವಿಂಡೋಸ್ exFAT ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದರೆ, ನಾವು ಬೇರೇನೂ ಹೇಳದಿದ್ದಲ್ಲಿ, ಒಂದೊಂದು ಕ್ಲಸ್ಟರಿಗೆ 128 ಕೆಬಿ, ಅಂದರೆ 1,31,072 ಬೈಟ್ ಇಡುತ್ತದೆ. ‘ಕನ್ನಡ’ ಎಂಬ ಒಂದೇ ಪದವನ್ನು ಬರೆದು ಉಳಿಸಿದರೆ ಏನಾಗುತ್ತದೆಂದು ನೋಡೋಣ. ಯುಟಿಎಫ್-8 ಸಂಕೇತದಲ್ಲಿ ಆ ಪದ ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಎಂಬ ಐದು ಸಂಕೇತಗಳಾಗಿ, ಒಂದೊಂದಕ್ಕೆ ಮೂರು ಬೈಟಿನಂತೆ 15 ಬೈಟ್ ಆಗುತ್ತದೆ. ಗೂಡಿನಲ್ಲಿ ಮಿಕ್ಕ 1,31,057 ಬೈಟ್ ಬರಿದಾಗಿಯೇ ಉಳಿಯುತ್ತದೆ, ಮತ್ತು ಆ ಕಡತ ಅಲ್ಲಿರುವವರೆಗೆ ಬೇರೆ ಯಾವ ಕಡತವೂ ಅದನ್ನು ಬಳಸುವಂತಿಲ್ಲ.

ಈಗ ನನ್ನ ಫೋಲ್ಡರಿನ ಲೆಕ್ಕ ಸುಲಭ. ಪ್ರತಿ ಕಡತವೂ 128 ಕೆಬಿಗಿಂತ ಚಿಕ್ಕದಾದ್ದರಿಂದ ಪ್ರತಿಯೊಂದಕ್ಕೂ ಒಂದು ಗೂಡು ಬೇಕು. 60,000 ಗೂಡುಗಳೆಂದರೆ 7,500 ಎಂಬಿ, ಅಂದರೆ ಸುಮಾರು 7.3 ಜಿಬಿ. ಖಾಲಿಯಿದ್ದ 5 ಜಿಬಿಯಲ್ಲಿ ಇದ್ದದ್ದು 40,960 ಗೂಡುಗಳು ಮಾತ್ರ. ಕಡತಗಳ ಹೆಸರಿನ ಪಟ್ಟಿಗೂ ಕೆಲವು ಗೂಡುಗಳು ಹೋಗುವುದರಿಂದ ನಕಲು ಆ ಸಂಖ್ಯೆಗಿಂತ ತುಸು ಮೊದಲೇ ನಿಂತಿತ್ತು. ಲ್ಯಾಪ್‌ಟಾಪಿನಲ್ಲಿ ಇದೇ ಫೋಲ್ಡರ್ ತೊಂದರೆ ಕೊಡದಿರಲು ಕಾರಣ, ಅಲ್ಲಿ NTFS ಪದ್ಧತಿಯಿದ್ದು ಕ್ಲಸ್ಟರ್ ಬರೀ 4 ಕೆಬಿ ಇದ್ದದ್ದು. ಅಲ್ಲಿಯೂ 86 ಎಂಬಿಗೆ 234 ಎಂಬಿ ಹೋಗಿತ್ತು, ಆದರೆ ನೂರಾರು ಜಿಬಿಯ ಡ್ರೈವಿನಲ್ಲಿ ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. NTFS ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಸುಮಾರು 700 ಬೈಟಿನೊಳಗಿನ ಕಡತವಾದರೆ ಅದಕ್ಕೆ ಗೂಡನ್ನೇ ಕೊಡದೆ, ಕಡತದ ಹೆಸರು ಮತ್ತು ದಿನಾಂಕಗಳನ್ನು ಬರೆದಿಡುವ ಒಂದು ಕೆಬಿಯ ದಾಖಲೆಯೊಳಗೇ ವಿಷಯವನ್ನೂ ತುಂಬಿಬಿಡುತ್ತದೆ. ಕನ್ನಡದಲ್ಲಿ ಅಷ್ಟು ಬೈಟಿಗೆ ಎರಡು ಮೂರು ವಾಕ್ಯಗಳಷ್ಟೇ ಹಿಡಿಯುವುದರಿಂದ ನಮ್ಮ ಕಡತಗಳಿಗೆ ಆ ಅನುಕೂಲ ಸಿಗಲಿಲ್ಲ.

ಹಾಗಾದರೆ ಇಷ್ಟು ದೊಡ್ಡ ಗೂಡುಗಳು ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗೂಡು ಚಿಕ್ಕದಾದಷ್ಟೂ ಅವುಗಳ ಸಂಖ್ಯೆ ಬೆಳೆಯುತ್ತದೆ, ಯಾವುದು ಖಾಲಿ, ಯಾವುದರ ನಂತರ ಯಾವುದು ಎಂದು ಬರೆದಿಡುವ ಪಟ್ಟಿಯೂ ಬೆಳೆಯುತ್ತದೆ. ನನ್ನ ಪೆನ್‌ಡ್ರೈವಿನಲ್ಲಿ 128 ಕೆಬಿಯ ಗೂಡುಗಳು ಸುಮಾರು 4.8 ಲಕ್ಷ, ಒಂದೊಂದಕ್ಕೆ 4 ಬೈಟಿನ ನಮೂದಿನಂತೆ ಪಟ್ಟಿ 2 ಎಂಬಿಯೊಳಗೆ ಮುಗಿಯುತ್ತದೆ. 4 ಕೆಬಿಯ ಗೂಡುಗಳಾಗಿದ್ದರೆ ಅವು ಒಂದೂವರೆ ಕೋಟಿ ದಾಟಿ, ಪಟ್ಟಿಯೇ 60 ಎಂಬಿಯ ಹತ್ತಿರ ಬರುತ್ತಿತ್ತು. ಹಳೆಯ FAT16 ಪದ್ಧತಿಯಲ್ಲಿ ದೊಡ್ಡ ಗೂಡು ಅನಿವಾರ್ಯವೇ ಆಗಿತ್ತು. ಅಲ್ಲಿ ಗೂಡಿನ ಸಂಖ್ಯೆಗೆ 16 ಬಿಟ್ ಮಾತ್ರ ಇದ್ದುದರಿಂದ ಸುಮಾರು 65 ಸಾವಿರಕ್ಕಿಂತ ಹೆಚ್ಚು ಗೂಡುಗಳನ್ನು ಎಣಿಸಲು ಬರುತ್ತಿರಲಿಲ್ಲ. 1990ರ ದಶಕದಲ್ಲಿ 2 ಜಿಬಿಯ ಡಿಸ್ಕ್ ಇಟ್ಟುಕೊಂಡವರು 32 ಕೆಬಿಯ ಗೂಡನ್ನು ಒಪ್ಪಿಕೊಳ್ಳಲೇಬೇಕಿತ್ತು. ಇಂದಿನ exFATಗೆ ಅಂಥ ಇಕ್ಕಟ್ಟಿಲ್ಲ. ವಿಡಿಯೊ, ಫೋಟೊಗಳಂಥ ದೊಡ್ಡ ಕಡತಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಅಳತೆ ಇಡಲಾಗಿದೆ, ಮತ್ತು ಆ ಕೆಲಸಕ್ಕೆ ಅದು ಸರಿಯಾಗಿಯೇ ಇದೆ. ಕಡತ ಎಷ್ಟೇ ದೊಡ್ಡದಾಗಿರಲಿ, ವ್ಯರ್ಥವಾಗುವುದು ಅದರ ಕೊನೆಯ ಗೂಡಿನ ಬಾಲ ಮಾತ್ರ. ಒಂದು ಜಿಬಿಯ ವಿಡಿಯೊದಲ್ಲಿ 128 ಕೆಬಿಯನ್ನು ಮೀರಿ ನಷ್ಟವಾಗಲು ಸಾಧ್ಯವೇ ಇಲ್ಲ. ನಷ್ಟವನ್ನು ಬೆಳೆಸುವುದು ಕಡತಗಳ ತೂಕಕ್ಕಿಂತ ಹೆಚ್ಚಾಗಿ ಅವುಗಳ ಎಣಿಕೆ.

ಡ್ರೈವಿನ ಗೂಡು ಎಷ್ಟು ದೊಡ್ಡದೆಂದು ತಿಳಿಯಲು, ವಿಂಡೋಸಿನಲ್ಲಿ ಪೆನ್‌ಡ್ರೈವಿನ ಅಕ್ಷರ E ಆಗಿದ್ದರೆ, Command Promptಅನ್ನು `Run as administrator` ಮೂಲಕ ತೆರೆದು ಹೀಗೆ ಟೈಪಿಸಿದರೆ ಸಾಕು:

```
chkdsk E:
```

ಕೊನೆಯಲ್ಲಿ ಬರುವ ಸಾಲುಗಳಲ್ಲಿ `bytes in each allocation unit` ಎಂಬುದರ ಹಿಂದಿನ ಸಂಖ್ಯೆಯೇ ಕ್ಲಸ್ಟರಿನ ಗಾತ್ರ. ಲಿನಕ್ಸಿನಲ್ಲಾದರೆ `du -sh` ಆಕ್ರಮಿಸಿದ ಜಾಗವನ್ನೂ, `du -sh --apparent-size` ನಿಜವಾದ ಗಾತ್ರವನ್ನೂ ಹೇಳುತ್ತದೆ.

ಪೆನ್‌ಡ್ರೈವನ್ನು 4 ಕೆಬಿಯ ಗೂಡುಗಳೊಂದಿಗೆ ಮತ್ತೆ ಫಾರ್ಮ್ಯಾಟ್ ಮಾಡಬಹುದಿತ್ತು. ಫಾರ್ಮ್ಯಾಟ್ ಮಾಡುವ ಕಿಟಕಿಯಲ್ಲಿ `Allocation unit size` ಎಂಬ ಆಯ್ಕೆ ಇರುವುದು ಅದಕ್ಕೇ. ಆದರೆ ಹಾಗೆ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮತ್ತು ನನ್ನಲ್ಲಿದ್ದ ವಿಡಿಯೊಗಳಿಗೆ ಆ ಸಣ್ಣ ಅಳತೆಯಿಂದ ಯಾವ ಲಾಭವೂ ಇರಲಿಲ್ಲ. ಕಡತಗಳನ್ನೆಲ್ಲ ಒಂದು ಜಿಪ್ ಕಡತವಾಗಿ ಕಟ್ಟುವುದೇ ವಾಸಿ ಎನಿಸಿತು. ಹಾಗೆ ಕಟ್ಟಿದಾಗ 60,000 ಬಾಲಗಳು ಹೋಗಿ ಒಂದೇ ಒಂದು ಬಾಲ ಉಳಿಯುತ್ತದೆ. ಪಠ್ಯ ಕುಗ್ಗುವುದು ಅದರ ಮೇಲಿನ ಲಾಭ. ಕುಗ್ಗಿಸದೆ ಬರೀ ಕಟ್ಟುವ ಟಾರ್ ಪದ್ಧತಿಯಲ್ಲೂ ಒಂದು ಚಿಕ್ಕ ಗೂಡಿದೆ ಎಂಬುದನ್ನು ಗಮನಿಸಬೇಕು. ಅದು ಪ್ರತಿ ಕಡತಕ್ಕೂ 512 ಬೈಟಿನ ತಲೆಬರಹ ಸೇರಿಸಿ, ವಿಷಯವನ್ನೂ 512ರ ಗುಣಕಕ್ಕೆ ಏರಿಸುವುದರಿಂದ ನಮ್ಮ 1,500 ಬೈಟಿನ ಕಡತ ಅಲ್ಲಿ 2,048 ಬೈಟ್ ಆಗುತ್ತದೆ. ಆದರೂ 60,000 ಕಡತಗಳಿಗೆ ಅದು 117 ಎಂಬಿಯ ಆಸುಪಾಸು.

ಜಿಪ್ ಕಡತದ ನಕಲು ಕೆಲವೇ ಕ್ಷಣಗಳಲ್ಲಿ ಮುಗಿಯಿತು. ಪೆನ್‌ಡ್ರೈವ್ ಕೊಡುವಾಗ ಗೆಳೆಯರಿಗೆ ಒಂದು ಮಾತು ಹೇಳಿದೆ: ಇದನ್ನು ನಿಮ್ಮ ಕಂಪ್ಯೂಟರಿಗೆ ಹಾಕಿಕೊಂಡು ಅಲ್ಲೇ ಬಿಚ್ಚಿ, ಪೆನ್‌ಡ್ರೈವಿನೊಳಗೆ ಬಿಚ್ಚಬೇಡಿ.