ಒಂದು ಕರೆಕ್ಟಿವ್ ಹಾಕಿದರೆ ಇನ್ನೊಂದು ಯಾಕೆ ಕೆಡುತ್ತದೆ?

ಪ್ರಶ್ನೆ: 3D ಪಾತ್ರದ ಮುಖದ ರಿಗ್‌ಗೆ ಬ್ಲೆಂಡ್‌ಶೇಪ್ ಒಳ್ಳೆಯದಾ, ಬೋನ್ ಒಳ್ಳೆಯದಾ? ಕರೆಕ್ಟಿವ್ ಹಾಕಿ ಕೆನ್ನೆ ಸರಿ ಮಾಡಿದರೆ, ಬೇರೆ ಭಾವದಲ್ಲಿ ಅದೇ ಕೆನ್ನೆಗೆ ಗುಳಿ ಬೀಳುತ್ತದೆ. ಏನು ಮಾಡಲಿ?

ಉತ್ತರ: ತಿರುಗುವ ಭಾಗಕ್ಕೆ ಬೋನ್, ಉಬ್ಬುವ ಮತ್ತು ಸುಕ್ಕಾಗುವ ಚರ್ಮಕ್ಕೆ ಬ್ಲೆಂಡ್‌ಶೇಪ್. ಎರಡೂ ಬೇಕು.

ಬ್ಲೆಂಡ್‌ಶೇಪ್‌ನಲ್ಲಿ ಪ್ರತಿ ವರ್ಟೆಕ್ಸ್ ನೇರ ಗೆರೆಯಲ್ಲಿ ಸರಿಯುತ್ತದೆ. ದವಡೆ ಹಾಗಲ್ಲ, ಕಿವಿಯ ಹತ್ತಿರದ ಕೀಲಿನ ಸುತ್ತ ತಿರುಗುತ್ತದೆ. ಅದನ್ನು ಬರೀ ಶೇಪ್‌ನಲ್ಲಿ ತೆರೆದರೆ, ಸ್ಲೈಡರ್ ಅರ್ಧದಲ್ಲಿದ್ದಾಗ ಗದ್ದ ಸ್ವಲ್ಪ ಒಳಗೆ ಸರಿದು ದವಡೆ ಚಿಕ್ಕದಾಗಿ ಕಾಣುತ್ತದೆ. ರೆಪ್ಪೆಗೂ ಇದೇ ಕಷ್ಟ, ಅರ್ಧ ಮುಚ್ಚಿದಾಗ ಕಣ್ಣುಗುಡ್ಡೆಯೊಳಗೆ ಹೊಕ್ಕುಬಿಡುತ್ತದೆ. ಆದರೆ ನಗುವಾಗ ಕೆನ್ನೆ ಗುಂಡಗಾಗುವುದು ಕೆತ್ತಿದ ಶೇಪ್‌ನಲ್ಲಿ ಬರುವಷ್ಟು ಚೆನ್ನಾಗಿ ನಾಲ್ಕಾರು ಬೋನ್‌ಗಳಿಂದ ಬರಲ್ಲ.

ಈಗ ಜಗಳದ ವಿಷಯ. ನಗು, ತೆರೆದ ದವಡೆ, ಮೂಗು ಸುಕ್ಕಿಸುವುದು, ಈ ಮೂರನ್ನು ತೆಗೆದುಕೊಳ್ಳಿ. ನಗು ಮತ್ತು ದವಡೆ ಸೇರಿದಾಗ ಕೆನ್ನೆ ಜಾಸ್ತಿ ಉಬ್ಬುತ್ತದೆ, 2 ಮಿ.ಮೀ. ತಗ್ಗಿಸುವ ಕರೆಕ್ಟಿವ್ ಹಾಕಿದಿರಿ ಅಂದುಕೊಳ್ಳಿ. ನಗು ಮತ್ತು ಮೂಗಿಗೂ ಅದೇ ಜಾಗದಲ್ಲಿ ಇನ್ನೊಂದು 2 ಮಿ.ಮೀ. ಮೂರೂ ಒಟ್ಟಿಗೆ ಬಂದರೆ ಎರಡೂ ಕರೆಕ್ಟಿವ್ ಓಡುತ್ತವೆ, ಕೆನ್ನೆ 4 ಮಿ.ಮೀ. ಒಳಗೆ ಹೋಗುತ್ತದೆ. ಬೇಕಾಗಿದ್ದದ್ದು 3 ಮಾತ್ರ. ಗುಳಿ ಬಿದ್ದದ್ದು ಇಲ್ಲೇ. ಇದಕ್ಕಾಗಿ ಜೋಡಿಗಳನ್ನು ಮತ್ತೆ ಕೆತ್ತಲು ಹೋಗಬೇಡಿ, ಆಗ ಬರೀ ಎರಡು ಸೇರಿದ ಭಾವ ಕೆಡುತ್ತದೆ. ಮೂರಕ್ಕೂ ಸೇರಿ ಒಂದು ಶೇಪ್ ಮಾಡಿ. ಜೋಡಿ ಕರೆಕ್ಟಿವ್‌ಗಳು ಆನ್ ಇರುವಾಗಲೇ ಕೆತ್ತಿ, ಉಳಿದ ವ್ಯತ್ಯಾಸ ಮಾತ್ರ ಅದರಲ್ಲಿರಲಿ. ಇಲ್ಲಿ ಅದು 1 ಮಿ.ಮೀ. ಹೊರಗೆ.

```
smile_jaw       = smile * jaw
smile_jaw_sneer = smile * jaw * sneer
```

ಇಲ್ಲಿ `jaw` ಅಂದರೆ ಬೋನ್ ತಿರುಗಿದ ಕೋನವನ್ನು 0 ಯಿಂದ 1 ಕ್ಕೆ ಇಳಿಸಿದ ಬೆಲೆ. ಗುಣಿಸುವಾಗ ಒಂದು ಎಚ್ಚರ: ಎರಡೂ 0.5 ಇದ್ದಾಗ ಕರೆಕ್ಟಿವ್ 0.25 ಮಾತ್ರ ಬರುತ್ತದೆ. ಅರ್ಧ ನಗುವಿನಲ್ಲಿ ಉಬ್ಬು ಹಾಗೇ ಉಳಿದರೆ ಕಾರಣ ಇದೇ ಇರಬಹುದು. ಮಾಯಾದ `combinationShape` ನೋಡ್‌ನಲ್ಲಿ ಕಡಿಮೆ ಇರುವ ಬೆಲೆಯನ್ನು ತೆಗೆದುಕೊಳ್ಳುವ ಆಯ್ಕೆಯೂ ಇದೆ. ಆಗ 0.5 ಸಿಗುತ್ತದೆ, ಆದರೆ ಎರಡು ಸ್ಲೈಡರ್‌ಗಳು ಒಂದನ್ನೊಂದು ದಾಟುವ ಕ್ಷಣದಲ್ಲಿ ಚಲನೆ ಸಣ್ಣದಾಗಿ ಜರ್ಕ್ ಹೊಡೆಯಬಹುದು.

ದವಡೆ ಬೋನ್‌ನಲ್ಲಿರುವುದರಿಂದ ಇನ್ನೊಂದು ಕೆಲಸವಿದೆ. ಬಾಯಿ ತೆರೆದ ಭಂಗಿಯಲ್ಲಿ ಕೆತ್ತಿದ್ದನ್ನು ಸುಮ್ನೆ ಶೇಪ್ ಆಗಿ ಸೇರಿಸಿದರೆ ದವಡೆ ಎರಡು ಸಲ ತೆರೆದಂತೆ ಕೆಳಗೆ ಜಾರುತ್ತದೆ. ಬ್ಲೆಂಡ್‌ಶೇಪ್ ಸ್ಕಿನ್ನಿಂಗ್‌ಗಿಂತ ಮೊದಲು ಓಡುತ್ತದೆ ಅಲ್ವಾ, ಅದಕ್ಕೆ. ಮಾಯಾದಲ್ಲಿ `invertShape` ಕಮಾಂಡ್‌ನಿಂದ ಕೆತ್ತಿದ್ದನ್ನು ಮೊದಲು ಸ್ಕಿನ್ನಿಂಗ್‌ಗೂ ಹಿಂದಿನ ಸ್ಥಿತಿಗೆ ತನ್ನಿ. ಸ್ಕಿನ್ ವೇಟ್‌ಗಳು ಮುಗಿದ ಮೇಲಷ್ಟೇ ಇದನ್ನು ಮಾಡಿ. ಆಮೇಲೆ ವೇಟ್ ಬದಲಿಸಿದರೆ ಹಳೆಯ ಕರೆಕ್ಟಿವ್ ಹೊಂದುವುದಿಲ್ಲ. ಹಾಗೆಯೇ ಒಂದು ಜೋಡಿಯನ್ನು ತಿದ್ದಿದರೆ, ಅದರ ಮೇಲೆ ಕಟ್ಟಿದ ಮೂರರ ಶೇಪ್‌ನ ವ್ಯತ್ಯಾಸವನ್ನೂ ಹೊಸದಾಗಿ ತೆಗೆಯಬೇಕು.