ಚಟಪಟವೋ, ಗೊರಗೊರವೋ: ಲ್ಯಾಪ್‌ಟಾಪ್ ಸ್ಪೀಕರ್‌ನ ದೋಷ ಹುಡುಕುವ ಬಗೆ

ಲ್ಯಾಪ್‌ಟಾಪ್‌ನ ಸದ್ದು ಕೆಟ್ಟಿದೆ ಎಂದು ದಾವಣಗೆರೆಯ ನಮ್ಮ ಅಂಗಡಿಗೆ ಬರುವವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಅದು ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ ಎನ್ನುತ್ತದೆಯೋ, ಹರಿದ ತಮಟೆಯಂತೆ ಗೊರಗೊರ ಎನ್ನುತ್ತದೆಯೋ? ಇವೆರಡೂ ಬೇರೆ ಬೇರೆ ರೋಗಗಳು. ಕಂಪ್ಯೂಟರ್ ಧ್ವನಿಯ ಮಾಹಿತಿಯನ್ನು ಸಕಾಲಕ್ಕೆ ಒದಗಿಸಲಾಗದೆ ನಡುನಡುವೆ ತುಂಡರಿಸಿದಾಗ ಚಟಪಟ ಸದ್ದು ಹುಟ್ಟುತ್ತದೆ. ಅದಕ್ಕೆ ವಾಲ್ಯೂಮಿನ ಹಂಗಿಲ್ಲ, ತಗ್ಗಿಸಿದರೂ ಏರಿಸಿದರೂ ಅದು ತನಗೆ ತೋಚಿದಾಗ ಬರುತ್ತದೆ. ಗೊರಗೊರ ಸದ್ದು ಹಾಗಲ್ಲ. ಅದು ಸ್ಪೀಕರಿನ ಪರದೆಯೋ ಸುರುಳಿಯೋ ಎಲ್ಲೋ ತಾಗಿ ನಡುಗುವುದರಿಂದ ಬರುವಂಥದ್ದು. ಆದ್ದರಿಂದ ವಾಲ್ಯೂಮ್ ಏರಿದಂತೆ ಹೆಚ್ಚುತ್ತದೆ, ಮತ್ತು ಹಾಡಿನ ಅದೇ ಸಾಲಿನಲ್ಲಿ, ಅದೇ ಸ್ವರದಲ್ಲಿ ಪ್ರತಿ ಸಲವೂ ಕೇಳುತ್ತದೆ. ಮೊದಲನೆಯದು ಬಹುಪಾಲು ಡ್ರೈವರಿನ, ಅಂದರೆ ಯಂತ್ರಭಾಗವನ್ನು ನಡೆಸುವ ತಂತ್ರಾಂಶದ ತಪ್ಪು, ಎರಡನೆಯದು ಬಹುಪಾಲು ಯಂತ್ರಭಾಗದ ತಪ್ಪು.

ಎರಡೂ ಒಟ್ಟಿಗೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಕರಣವನ್ನೇ ವಿವರವಾಗಿ ಹೇಳುತ್ತೇನೆ. ಹರಿಹರದಲ್ಲಿ ಲೇತ್ ವರ್ಕ್‌ಶಾಪ್ ನಡೆಸುವ ಯಜಮಾನರೊಬ್ಬರು ಮಗಳ ಆನ್‌ಲೈನ್ ತರಗತಿಗೂ ತಮ್ಮ ಬಿಲ್ಲಿನ ಕೆಲಸಕ್ಕೂ ಬಳಸುತ್ತಿದ್ದ ಲ್ಯಾಪ್‌ಟಾಪನ್ನು ತಂದಿದ್ದರು. "ಸೌಂಡು ಸಣ್ಣಗ್ ಬರ್ತದ್ರೀ, ಜಾಸ್ತಿ ಮಾಡಿದ್ರೆ ಹರಿದಂಗಾಗ್ತದೆ. ಒಂದ್ಸಲ ವಿಂಡೋಸ್ ಹಾಕ್ಸಿದ್ವಿ, ಆಮೇಲೆ ಇನ್ನೂ ಕಡಿಮಿ ಆತು" ಎಂದರು. ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ಸದ್ದು ಇನ್ನಷ್ಟು ತಗ್ಗಿತು ಎಂಬ ಈ ಕೊನೆಯ ಮಾತು ನನಗೆ ಅರ್ಧ ದಾರಿ ತೋರಿಸಿತ್ತು. ಆದರೂ ಊಹೆಯ ಮೇಲೆ ಸ್ಕ್ರೂ ಬಿಚ್ಚುವುದು ತರವಲ್ಲ.

ಪರೀಕ್ಷೆಗೆ ಮುಂಚೆ ಹುಸಿ ಕಾರಣಗಳನ್ನು ಬದಿಗೆ ಸರಿಸಬೇಕಾಗುತ್ತದೆ. ಸದ್ದು ಸಾಲದು ಎಂದು ಅವರ ಮಗಳು ವಿಎಲ್‌ಸಿ ಪ್ಲೇಯರಿನಲ್ಲಿ ವಾಲ್ಯೂಮನ್ನು 125%ಗೆ ಏರಿಸಿದ್ದಳು, ಬ್ರೌಸರಿಗೆ ಸದ್ದು ಹೆಚ್ಚಿಸುವ ಒಂದು ಎಕ್ಸ್‌ಟೆನ್ಶನನ್ನೂ ಸೇರಿಸಿದ್ದಳು. ಇಂಥವು ಧ್ವನಿಯ ಅಲೆಯನ್ನು ಮಿತಿ ಮೀರಿ ಹಿಗ್ಗಿಸಿ ಅದರ ತುದಿಗಳನ್ನು ಕತ್ತರಿಸಿಬಿಡುತ್ತವೆ. ಆಗ ಆರೋಗ್ಯವಾಗಿರುವ ಸ್ಪೀಕರ್ ಕೂಡ ಹರಿದದ್ದರಂತೆ ಕೇಳಿಸುತ್ತದೆ, ಹಾಗೆಯೇ ಬಹುಕಾಲ ಓಡಿಸಿದರೆ ನಿಜವಾಗಿಯೂ ಕೆಡಬಹುದು. ಎಕ್ಸ್‌ಟೆನ್ಶನನ್ನು ತೆಗೆದು, ವಿಎಲ್‌ಸಿಯನ್ನು 100%ಕ್ಕೆ ಇಳಿಸಿದೆ. ಬಳಿಕ ವಿಂಡೋಸಿನ ಸರ್ಚ್ ಪೆಟ್ಟಿಗೆಯಲ್ಲಿ ಈ ಹೆಸರನ್ನು ಟೈಪ್ ಮಾಡಿ ಧ್ವನಿಯ ಹಳೆಯ ಕಿಟಕಿಯನ್ನು ತೆರೆದೆ:

```
mmsys.cpl
```

ಇಲ್ಲಿ ನೋಡಬೇಕಾದದ್ದು ಹೆಚ್ಚೇನಿಲ್ಲ. Playback ಪುಟದಲ್ಲಿ ಹಸಿರು ಗುರುತು Speakers ಎದುರು ಇರಬೇಕು. ಟಿವಿಗೋ ಪ್ರೊಜೆಕ್ಟರಿಗೋ ಎಚ್‌ಡಿಎಂಐ ಕೇಬಲ್ ಹಾಕಿ ತೆಗೆದ ಮೇಲೆ ಅದು ಬೇರೆ ಸಾಧನದ ಮುಂದೆಯೇ ಉಳಿದುಬಿಡುವುದುಂಟು, ಸದ್ದೇ ಇಲ್ಲ ಎಂಬ ದೂರುಗಳಲ್ಲಿ ಹಲವು ಅಲ್ಲೇ ಮುಗಿಯುತ್ತವೆ. Communications ಪುಟದಲ್ಲಿ Do nothing ಆರಿಸಿದೆ, ಏಕೆಂದರೆ ಕರೆ ಬಂದಾಗ ಉಳಿದ ಸದ್ದುಗಳನ್ನು 80% ತಗ್ಗಿಸುವ ಆಯ್ಕೆ ಅಲ್ಲಿ ಮೊದಲೇ ಜಾರಿಯಲ್ಲಿರುತ್ತದೆ. ಇಷ್ಟಾದ ಮೇಲೂ ಮೂರು ದೂರುಗಳು ಹಾಗೆಯೇ ಉಳಿದವು: ಸದ್ದು ಕಡಿಮೆ, ಎಡಗಡೆ ಗೊರಗೊರ, ಆಗೊಮ್ಮೆ ಈಗೊಮ್ಮೆ ಚಟಪಟ.

ಇನ್ನು ಬೇರ್ಪಡಿಸುವ ಕೆಲಸ. ಪರೀಕ್ಷೆಯ ಹಾಡು ಡಿಸ್ಕಿನಲ್ಲೇ ಇರುವ ಫೈಲ್ ಆಗಿರಬೇಕು, ಇಂಟರ್‌ನೆಟ್ಟಿನಿಂದ ಬರುವ ಹಾಡಾದರೆ ನೆಟ್‌ವರ್ಕಿನ ತಡವರಿಕೆ ಸೇರಿಕೊಂಡು ತೀರ್ಪು ಕೆಡುತ್ತದೆ. ಆ ಹಾಡನ್ನು ಹಾಕಿ, ಇಯರ್‌ಫೋನನ್ನು ಲ್ಯಾಪ್‌ಟಾಪಿನ ಜ್ಯಾಕಿಗೆ ಚುಚ್ಚಿ ಕೇಳಿದೆ. ಗೊರಗೊರ ಪೂರ್ತಿ ಮಾಯವಾಗಿತ್ತು, ಚಟಪಟ ಮಾತ್ರ ಹಾಗೆಯೇ ಇತ್ತು. ಒಂದೇ ನಿಮಿಷದ ಈ ಪರೀಕ್ಷೆ ಎರಡು ದೋಷಗಳನ್ನು ಎರಡು ಬದಿಗೆ ನಿಲ್ಲಿಸಿತು. ಇಯರ್‌ಫೋನಿಗೂ ಸ್ಪೀಕರಿಗೂ ಧ್ವನಿ ಒಂದೇ ಡ್ರೈವರಿನಿಂದ, ಸಾಮಾನ್ಯವಾಗಿ ಒಂದೇ ಆಡಿಯೊ ಚಿಪ್ಪಿನಿಂದ ಬರುತ್ತದೆ; ದಾರಿ ಕವಲೊಡೆಯುವುದು ಅದರ ನಂತರ. ಹಾಗಾಗಿ ಇಯರ್‌ಫೋನಿನಲ್ಲೂ ಕೇಳುವ ದೋಷ ಕವಲಿಗಿಂತ ಮುಂಚಿನದು, ಸ್ಪೀಕರಿನಲ್ಲಿ ಮಾತ್ರ ಕೇಳುವುದು ಕವಲಿನ ನಂತರದ್ದು.

ಇಯರ್‌ಫೋನ್ ತೆಗೆದ ಮೇಲೂ ಸ್ಪೀಕರ್ ಮೌನವಾಗಿಯೇ ಇದ್ದರೆ ಜ್ಯಾಕಿನೊಳಗೆ ಕಸ ಸೇರಿದೆ ಅಥವಾ ಒಳಗಿನ ಸ್ಪ್ರಿಂಗ್ ಬಾಗಿದೆ, ಇಯರ್‌ಫೋನ್ ಇನ್ನೂ ಒಳಗಿದೆ ಎಂದೇ ಯಂತ್ರ ನಂಬಿದೆ ಎಂದು ಅನುಮಾನಿಸಬೇಕು. ಪಿನ್ನನ್ನು ಹತ್ತು ಸಲ ಹಾಕಿ ತೆಗೆದರೆ ಕೆಲವೊಮ್ಮೆ ಸರಿಹೋಗುತ್ತದೆ, ಇಲ್ಲವಾದರೆ ಜ್ಯಾಕ್ ಬದಲಿಸಬೇಕಾಗುತ್ತದೆ.

ಎರಡನೆಯ ಪರೀಕ್ಷೆ, ವಿಂಡೋಸಿನ ಬದಲು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಇರುವ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪನ್ನು ಚಾಲೂ ಮಾಡಿ, ಡಿಸ್ಕಿಗೆ ಏನನ್ನೂ ಅಳವಡಿಸದೆ, ಅದೇ ಹಾಡನ್ನು ಕೇಳುವುದು. ಅಲ್ಲಿ ವಿಂಡೋಸಿನ ಡ್ರೈವರೂ ಇಲ್ಲ, ಸೆಟ್ಟಿಂಗೂ ಇಲ್ಲ. ಈಗ ಚಟಪಟ ನಿಂತಿತು, ಎಡಗಡೆಯ ಗೊರಗೊರ ಉಳಿಯಿತು. ಈ ಪರೀಕ್ಷೆಗೆ ಒಂದು ಮಿತಿಯಿದೆ, ಅದನ್ನು ಮರೆತು ನಾನೂ ಒಮ್ಮೆ ಎಡವಿದ್ದೇನೆ: ಕೆಲವು ಹೊಸ ಮಾದರಿಗಳ ಸ್ಪೀಕರ್ ಆಂಪ್ಲಿಫೈಯರಿಗೆ ಲಿನಕ್ಸಿನಲ್ಲಿ ಸರಿಯಾದ ಬೆಂಬಲ ಇರುವುದಿಲ್ಲ. ಉಬುಂಟುವಿನಲ್ಲಿ ಸದ್ದು ಸ್ವಚ್ಛವಾಗಿ ಬಂದರೆ ಯಂತ್ರಭಾಗ ಸರಿಯಿದೆ ಎಂದು ಧೈರ್ಯವಾಗಿ ಹೇಳಬಹುದು. ಸದ್ದೇ ಬಾರದಿದ್ದರೆ ಅಥವಾ ಕ್ಷೀಣವಾಗಿದ್ದರೆ ಯಂತ್ರಭಾಗ ಕೆಟ್ಟಿದೆ ಎಂದು ಹೇಳಲಾಗದು.

ಮೂರರಲ್ಲಿ ಸುಲಭದ್ದು ಸದ್ದು ಕಡಿಮೆಯಾದ ದೂರು. Device Manager ತೆರೆದು Sound, video and game controllers ಸಾಲನ್ನು ಬಿಡಿಸಿದಾಗ ಅಲ್ಲಿ ಆಡಿಯೊ ಚಿಪ್ಪಿನ ಕಂಪನಿಯಾದ Realtek ಹೆಸರಿರಲಿಲ್ಲ, High Definition Audio Device ಎಂದಷ್ಟೇ ಇತ್ತು. ಇದು ಮೈಕ್ರೋಸಾಫ್ಟಿನ ಸಾಮಾನ್ಯ ಡ್ರೈವರ್. ಸದ್ದು ಬರಿಸುತ್ತದೆ, ಆದರೆ ಆ ಮಾದರಿಯ ಪುಟ್ಟ ಸ್ಪೀಕರುಗಳಿಗೆಂದು ತಯಾರಕರು ಹೊಂದಿಸಿದ ಧ್ವನಿಯ ಹದ ಅದರಲ್ಲಿ ಇರುವುದಿಲ್ಲ. ವಿಂಡೋಸ್ ಹಾಕಿದವರು ತಯಾರಕರ ಡ್ರೈವರನ್ನು ಹಾಕದೆ ಬಿಟ್ಟಿದ್ದರು. ಲ್ಯಾಪ್‌ಟಾಪಿನ ಅಡಿಯಲ್ಲಿ ಅಚ್ಚಾಗಿದ್ದ ಮಾದರಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಕೊಟ್ಟು ಅದೇ ಮಾದರಿಯ ಆಡಿಯೊ ಡ್ರೈವರನ್ನು ಇಳಿಸಿ ಹಾಕಿದೊಡನೆ ಸದ್ದು ತನ್ನ ಹಳೆಯ ಮಟ್ಟಕ್ಕೆ ಏರಿತು. ಸಿಕ್ಕಸಿಕ್ಕ ಕಡೆಯ ಡ್ರೈವರ್ ಅಪ್‌ಡೇಟರ್ ತಂತ್ರಾಂಶಗಳನ್ನು ನಾನು ನಂಬುವುದಿಲ್ಲ. ಮೈಕ್ರೋಸಾಫ್ಟಿನ ಆ ಸಾಮಾನ್ಯ ಡ್ರೈವರಿನ ತಿರುಗು ಬಳಕೆಯೂ ಉಂಟು: ತಯಾರಕರ ಡ್ರೈವರ್ ಹಾಕಿದ್ದಾಗ ಸದ್ದು ಕೆಟ್ಟಿದ್ದರೆ, Update driver ಮೂಲಕ ತಾತ್ಕಾಲಿಕವಾಗಿ High Definition Audio Device ಆರಿಸಿ ನೋಡಬೇಕು, ಆಗ ದೋಷ ಹೋದರೆ ಕಳ್ಳ ಡ್ರೈವರೇ.

ಚಟಪಟದ ಮೂಲ ಆಡಿಯೊ ಡ್ರೈವರಿನಲ್ಲಿ ಇರಲಿಲ್ಲ, ಏಕೆಂದರೆ ಹೊಸ ಡ್ರೈವರ್ ಹಾಕಿದ ಮೇಲೂ ಅದು ಬಂತು. ಧ್ವನಿಯ ಮಾಹಿತಿ ಕೆಲವು ಮಿಲಿಸೆಕೆಂಡುಗಳಷ್ಟರ ಸಣ್ಣ ಸಣ್ಣ ತುತ್ತುಗಳಲ್ಲಿ ಆಡಿಯೊ ಚಿಪ್ಪಿಗೆ ಹೋಗುತ್ತದೆ. ಮತ್ತಾವುದೋ ಡ್ರೈವರ್ ಪ್ರೊಸೆಸರನ್ನು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿಟ್ಟರೆ ಮುಂದಿನ ತುತ್ತು ತಪ್ಪುತ್ತದೆ, ನಮಗೆ 'ಚಟ್' ಎಂದು ಕೇಳುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವುದು ವೈ-ಫೈ ಅಥವಾ ಗ್ರಾಫಿಕ್ಸ್ ಡ್ರೈವರ್. ಏರ್‌ಪ್ಲೇನ್ ಮೋಡ್ ಹಾಕಿ ಅದೇ ಹಾಡನ್ನು ಹತ್ತು ನಿಮಿಷ ಓಡಿಸಿದೆ. ಒಂದು ಚಟಪಟವೂ ಇಲ್ಲ. ಮತ್ತೆ ವೈ-ಫೈ ತೆರೆದೆ, ಮರಳಿ ಬಂತು. ಖಚಿತಪಡಿಸಿಕೊಳ್ಳಲು LatencyMon ಎಂಬ ತಂತ್ರಾಂಶವನ್ನು ಓಡಿಸಿದಾಗ, ಹೆಚ್ಚು ಹೊತ್ತು ಹಿಡಿದಿಟ್ಟವರ ಪಟ್ಟಿಯ ತಲೆಯಲ್ಲಿ ndis.sys ನಿಂತಿತ್ತು. ಅದು ವಿಂಡೋಸಿನ ನೆಟ್‌ವರ್ಕ್ ವ್ಯವಸ್ಥೆಯ ಫೈಲು; ಅದನ್ನೇ ಅಪರಾಧಿ ಎಂದು ತಿಳಿದು ಅಳಿಸಲು ಹೋಗಬಾರದು, ಅದರ ಅಡಿಯಲ್ಲಿ ಕೆಲಸ ಮಾಡುವ ವೈ-ಫೈ ಡ್ರೈವರನ್ನು ಬದಲಿಸಬೇಕು. ಅದೇ ಜಾಲತಾಣದಿಂದ ವೈ-ಫೈ ಡ್ರೈವರ್ ಹಾಕಿದ ಮೇಲೆ ಚಟಪಟ ಮುಗಿಯಿತು.

ಉಳಿದದ್ದು ಗೊರಗೊರ. ಅಡಾಸಿಟಿ ತಂತ್ರಾಂಶದಲ್ಲಿ 200 ಹರ್ಟ್ಸ್‌ನಿಂದ 1000 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಒಂದು ಸ್ವರವನ್ನು ತಯಾರಿಸಿ, ಬಲಗಡೆಯ ಸದ್ದನ್ನು ಸೊನ್ನೆಗಿಳಿಸಿ, ಎಡ ಸ್ಪೀಕರಿನಲ್ಲಿ ಮಾತ್ರ ಹಾಯಿಸಿದೆ. ಸುಮಾರು 300ರಿಂದ 450 ಹರ್ಟ್ಸ್‌ವರೆಗೆ ಕರ್ಕಶವಾಗಿ ನಡುಗಿತು, ಉಳಿದೆಡೆ ಸ್ವಚ್ಛ. ಬಲ ಸ್ಪೀಕರಿನಲ್ಲಿ ಮಾತ್ರ ಹಾಯಿಸಿದಾಗ ಆದ್ಯಂತ ನಡುಕವೇ ಇಲ್ಲ. ಹಾಡಿನಲ್ಲಿ ಅನುಮಾನಾಸ್ಪದವಾಗಿ ಕೇಳುವುದು ಇಂಥ ಒಂಟಿ ಸ್ವರದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಬಯಲಾಗುತ್ತದೆ.

ಅಡಿಯ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆದು, ನಂತರ ಸ್ಪೀಕರಿನ ಕನೆಕ್ಟರ್ ತೆಗೆದೆ. ಮಲ್ಟಿಮೀಟರಿನಲ್ಲಿ ಎರಡೂ ಸ್ಪೀಕರುಗಳು 3.6 ಓಮ್ ತೋರಿಸಿದವು; ಮೇಲೆ 4 ಓಮ್ ಎಂದು ಅಚ್ಚಾಗಿರುವ ಸ್ಪೀಕರಿಗೆ ಇದು ಸರಿಯಾದ ಅಳತೆ. ಇಲ್ಲಿ ಅನೇಕರು ಮೋಸಹೋಗುತ್ತಾರೆ. ಸುರುಳಿಯ ತಂತಿ ತುಂಡಾಗಿಲ್ಲ ಎಂದಷ್ಟೇ ಮೀಟರ್ ಹೇಳುತ್ತದೆ, ಪರದೆ ಹರಿದಿದೆಯೇ, ಸುರುಳಿ ಉಜ್ಜುತ್ತಿದೆಯೇ ಎಂಬುದು ಅದಕ್ಕೆ ತಿಳಿಯದು. ಸದ್ದೇ ಇಲ್ಲದ ಸ್ಪೀಕರಿನ ವಿಚಾರದಲ್ಲಿ ಮಾತ್ರ ಮೀಟರಿನ ಮಾತು ನಿರ್ಣಾಯಕ: ಅಳತೆಯೇ ಬಾರದಿದ್ದರೆ ಸ್ಪೀಕರ್ ಸತ್ತಿದೆ, ಎರಡೂ ಕಡೆ ಅಳತೆ ಸರಿಯಿದ್ದು ಇಯರ್‌ಫೋನಿನಲ್ಲಿ ಮಾತ್ರ ಸದ್ದು ಬರುತ್ತಿದ್ದರೆ, ಜ್ಯಾಕನ್ನು ನೋಡಿಯಾದ ಮೇಲೆ, ಬೋರ್ಡಿನ ಆಂಪ್ಲಿಫೈಯರನ್ನು ಶಂಕಿಸಬೇಕು, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಎಡ ಸ್ಪೀಕರಿನ ಪರದೆಯ ಮೇಲೆ ಬೂದು ಬಣ್ಣದ ಪುಡಿ ಮುಳ್ಳುಮುಳ್ಳಾಗಿ ನಿಂತಿತ್ತು. ಬಟ್ಟೆಯ ಧೂಳು ಹಾಗೆ ನಿಲ್ಲುವುದಿಲ್ಲ. ಅದು ಕಬ್ಬಿಣದ ಪುಡಿ. ವರ್ಕ್‌ಶಾಪಿನ ಮೇಜಿನಲ್ಲಿ ಲ್ಯಾಪ್‌ಟಾಪಿನ ಎಡಬದಿ ಗ್ರೈಂಡರಿನ ಕಡೆಗಿತ್ತಂತೆ, ಸ್ಪೀಕರಿನ ಅಯಸ್ಕಾಂತ ತನ್ನ ಕೆಲಸ ತಾನು ಮಾಡಿತ್ತು. ಇಂಥ ಪುಡಿಯನ್ನು ಬ್ಲೋವರಿನಿಂದ ಊದಿದರೆ ಅದು ಸುರುಳಿಯ ಸಂದಿಗೇ ಇಳಿಯುತ್ತದೆ. ಸೆಲ್ಲೊಟೇಪಿನ ಅಂಟನ್ನು ಪರದೆಗೆ ಹಗುರವಾಗಿ ತಾಗಿಸಿ ತಾಗಿಸಿ ಎತ್ತಿದೆ. ಗೊರಗೊರ ಮುಕ್ಕಾಲು ಪಾಲು ಇಳಿಯಿತು, ಪೂರ್ತಿ ಹೋಗಲಿಲ್ಲ. ಸಂದಿಗೆ ಇಳಿದ ಪುಡಿಯನ್ನು ತೆಗೆಯುವ ದಾರಿಯಿಲ್ಲ, ಆದ್ದರಿಂದ ಅದೇ ಮಾದರಿಯ ಜೋಡಿ ಸ್ಪೀಕರನ್ನು ತರಿಸಿ ಹಾಕಿದೆ. 4 ಓಮ್ ಇದ್ದ ಜಾಗಕ್ಕೆ 8 ಓಮ್‌ನದನ್ನು ಹಾಕಿದರೆ ಅದಕ್ಕೆ ಸಿಗುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿದು, ಸದ್ದು ಕಡಿಮೆ ಎಂಬ ಹಳೆಯ ದೂರೇ ಮರಳಿ ಬರುತ್ತದೆ.

ಮುಚ್ಚಳ ಮುಚ್ಚಿ ಮತ್ತೆ ಅದೇ ಏರುಸ್ವರ ಹಾಯಿಸಿದರೆ, ಹೊಸ ಸ್ಪೀಕರಿನಲ್ಲೂ ಒಂದು ಕಡೆ ಸಣ್ಣ ನಡುಕ ಕೇಳಿತು. ಬಿಚ್ಚಿ ನೋಡಿದಾಗ ಸ್ಕ್ರೂ ಕಣ್ಣಿಗೆ ಕೂರಿಸುವ ರಬ್ಬರಿನ ಬಳೆಯೊಂದು ಹಳೆಯ ಸ್ಪೀಕರಿನಲ್ಲೇ ಉಳಿದುಬಿಟ್ಟಿತ್ತು, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕು ತಾಗಿ ಬಡಿಯುತ್ತಿತ್ತು. ಅದನ್ನು ತೆಗೆದು ಹೊಸದಕ್ಕೆ ಕೂರಿಸಿದ ಮೇಲೆ 200ರಿಂದ 1000 ಹರ್ಟ್ಸ್‌ವರೆಗೆ ಎರಡೂ ಕಡೆ ಸ್ವರ ಒಂದೇ ಸಮನೆ ಏರಿತು.